ಕಾರು ಕೊಳ್ಳುವುದೋ, ಲೀಸ್‌ಗೆ ಪಡೆಯುವುದೋ?

ಹುಬ್ಬಳ್ಳಿಯ ವ್ಯಾಪಾರಿಯೊಬ್ಬರಿಗೆ ಅಂಗಡಿಯ ಕೆಲಸಕ್ಕೆ 10 ಲಕ್ಷ ರೂಪಾಯಿಯ ಕಾರು ನಾಲ್ಕು ವರ್ಷದ ಮಟ್ಟಿಗೆ ಬೇಕು ಎಂದುಕೊಳ್ಳೋಣ. ಲೀಸ್‌ಗೆ ಪಡೆದರೆ ವರ್ಷಕ್ಕೆ 2.4 ಲಕ್ಷ ಬಾಡಿಗೆ. ವಿಮೆ, ರಿಪೇರಿ ಎರಡರಲ್ಲೂ ಅವರದೇ. ಬರೀ ಬಾಡಿಗೆ ಕೂಡಿದರೆ 9.6 ಲಕ್ಷ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ.

ಬಾಡಿಗೆ ವ್ಯಾಪಾರದ ಖರ್ಚು. ಶೇ 30ರ ತೆರಿಗೆ ಕಟ್ಟುವವರಿಗೆ ಅದರ ನಿಜವಾದ ಹೊರೆ ವರ್ಷಕ್ಕೆ 1.68 ಲಕ್ಷ. ಮುಂದೆ ಕೊಡುವ ಹಣದ ಬೆಲೆ ಇಂದಿನ ಹಣಕ್ಕಿಂತ ಕಡಿಮೆ. ವರ್ಷಕ್ಕೆ ಶೇ 10ರಂತೆ ಇಳಿಸಿದರೆ ನಾಲ್ಕೂ ವರ್ಷದ್ದು ಸೇರಿ ಇಂದಿನ ಮೌಲ್ಯ 5.33 ಲಕ್ಷ.

ಕೊಂಡರೆ 10 ಲಕ್ಷ ಇಂದೇ ಹೋಗುತ್ತದೆ. ಪ್ರತಿವರ್ಷ ಉಳಿದ ಮೌಲ್ಯದ ಮೇಲೆ ಶೇ 15 ಸವಕಳಿ ತೋರಿಸಬಹುದು. ಅದರಿಂದ ಉಳಿಯುವ ತೆರಿಗೆಯ ಇಂದಿನ ಮೌಲ್ಯ 1.16 ಲಕ್ಷ. ನಾಲ್ಕು ವರ್ಷದ ನಂತರ ಕಾರು 4.5 ಲಕ್ಷಕ್ಕೆ ಹೋದರೆ, ಅದರ ಇಂದಿನ ಮೌಲ್ಯ 3.07 ಲಕ್ಷ. ಎರಡನ್ನೂ ಕಳೆದರೆ ನಿವ್ವಳ ಖರ್ಚು 5.77 ಲಕ್ಷ.

ಇಲ್ಲಿ ಲೀಸ್ ಸುಮಾರು 44 ಸಾವಿರ ಅಗ್ಗ.

ಆದರೆ ಮಾರಾಟದ ಬೆಲೆ 5.15 ಲಕ್ಷ ದಾಟಿದರೆ ಕೊಳ್ಳುವುದೇ ಲಾಭ. ಹಾಗಾಗಿ ಸಹಿ ಹಾಕುವ ಮೊದಲು, ಅದೇ ಮಾದರಿಯ ನಾಲ್ಕು ವರ್ಷ ಹಳೆಯ ಕಾರು ಈಗ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂದು ವಿಚಾರಿಸಿಕೊಳ್ಳಿ.