ಕತ್ತಲ ದೃಶ್ಯಕ್ಕೆ ಎರಡು ಪರದೆಗಳ ಪರೀಕ್ಷೆ

ರಾತ್ರಿ ದೃಶ್ಯಕ್ಕೆ ಬಣ್ಣ ಹೊಂದಿಸುವ ಕಲರಿಸ್ಟ್ ಮಬ್ಬು ಬೆಳಕಿನ ಕೋಣೆಯಲ್ಲಿ, ಸುಮಾರು 100 ನಿಟ್ ಹೊಳಪಿನ ಮಾನಿಟರ್ ಮುಂದೆ ಕೂರುತ್ತಾರೆ. ಅಲ್ಲಿ ನಾಯಕಿಯ ಕಪ್ಪು ಸೀರೆಯ ನೆರಿಗೆಯೂ ಕಾಣುತ್ತದೆ. ಟ್ಯೂಬ್‌ಲೈಟ್ ಉರಿಯುವ ಹಾಲ್‌ನ ಹಳೆಯ ಟಿ.ವಿ.ಯಲ್ಲಿ ಸೀರೆ, ಜಡೆ, ಗೋಡೆ ಎಲ್ಲ ಒಂದೇ ಕಪ್ಪು. 500 ನಿಟ್ ದಾಟುವ ಫೋನ್‌ನಲ್ಲಿ ಇದರ ತದ್ವಿರುದ್ಧ: ಕತ್ತಲಲ್ಲಿ ಅಡಗಿದ್ದ ನಾಯ್ಸ್ ಮರಳಿನಂತೆ ಕುಣಿಯುತ್ತದೆ.

ಹಾಗಂತ ಇಡೀ ಚಿತ್ರದ ಹೊಳಪು ಏರಿಸಿದರೆ ರಾತ್ರಿ ಹೋಗಿ ಸಂಜೆಯಾಗುತ್ತದೆ. ಮುಖದ ಬೆಳಕನ್ನಷ್ಟೇ ತುಸು ಎತ್ತಿ, ನೆರಳಿನ ನಾಯ್ಸ್ ತಗ್ಗಿಸಿ, ಮತ್ತೆ ಎರಡರಲ್ಲೂ ನೋಡಬೇಕು. ಮೊದಲು ಫೋನ್‌ನ ಆಟೋ ಬ್ರೈಟ್‌ನೆಸ್, ಹಳದಿ ಛಾಯೆಯ ನೈಟ್ ಮೋಡ್ ಆಫ್ ಮಾಡಿ ನೋಡಿ, ಬಳಿಕ ಜನ ಬಳಸುವಂತೆ ಆನ್ ಮಾಡಿಯೂ ನೋಡುವುದು ಒಳ್ಳೆಯದು. ಟಿ.ವಿ.ಯಲ್ಲಿ ಕಪ್ಪು ಬೂದುಬಣ್ಣವಾಗಿ ಕಂಡರೆ ಗ್ರೇಡ್ ಮುಟ್ಟುವ ಮುನ್ನ ಫೈಲ್‌ನ ವಿಡಿಯೊ ಲೆವೆಲ್ ಪರೀಕ್ಷಿಸಬೇಕು.