ಹಸಿರು ಟಿಕ್ ಬಂತು, ದುಡ್ಡು ಮಾತ್ರ ಬಂದಿಲ್ಲವಂತೆ

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾರುವ ಒಂದು ಸಣ್ಣ ಅಂಗಡಿ, ಅದಕ್ಕೊಂದು ವೆಬ್‌ಸೈಟ್ ಇದೆ ಎಂದಿಟ್ಟುಕೊಳ್ಳಿ. ಹೆಸರು ಬೇಡ, ಇಂಥ ಪ್ರಸಂಗ ಯಾವ ಅಂಗಡಿಯಲ್ಲೂ ಆಗಬಹುದು. ಶನಿವಾರ ರಾತ್ರಿ 10:42ಕ್ಕೆ ಹುಬ್ಬಳ್ಳಿಯ ಗೃಹಿಣಿಯೊಬ್ಬರು ಫೋನಿನಲ್ಲೇ ಎರಡು ಕೆಜಿ ಪುಡಿಗೆ ಆರ್ಡರ್ ಹಾಕಿ, ಯುಪಿಐ ಮೂಲಕ ₹1180 ಕಟ್ಟುತ್ತಾರೆ. ಯುಪಿಐ ಆ್ಯಪ್‌ನಲ್ಲಿ ಹಸಿರು ಟಿಕ್. ಅಂಗಡಿಯ ಪುಟಕ್ಕೆ ಮರಳಿದರೆ ಅಲ್ಲೂ 'ನಿಮ್ಮ ಹಣ ಪಾವತಿಯಾಗಿದೆ, ಧನ್ಯವಾದಗಳು' ಎಂಬ ಸಾಲು. ಅವರು ಟ್ಯಾಬ್ ಮುಚ್ಚಿ, ಫೋನ್ ಚಾರ್ಜಿಗೆ ಹಾಕಿ ಮಲಗುತ್ತಾರೆ.

ಬೆಳಿಗ್ಗೆ ನೋಡಿದರೆ ಆರ್ಡರ್ ರದ್ದು.

"ರೊಕ್ಕ ಕಟ್ ಆಗೇತ್ರಿ, ಇಲ್ಲಿ ನೋಡಿದ್ರ ಕ್ಯಾನ್ಸಲ್ ಅಂತ ತೋರಸಾಕತ್ತೈತಿ" ಎಂದು ಅವರು ಫೋನ್ ಮಾಡುತ್ತಾರೆ. "ಮೇಡಂ, ನಮ್ಮ ಕಡೆ ದುಡ್ಡೇ ಬಂದಿಲ್ಲ ಅಂತಿದೆಯಲ್ಲ" ಎನ್ನುತ್ತಾರೆ ಅಂಗಡಿಯವರು. ಇಬ್ಬರೂ ಹೇಳುತ್ತಿರುವುದು ತಮ್ಮ ತಮ್ಮ ಪರದೆಯ ಮೇಲೆ ಕಂಡದ್ದನ್ನೇ.

ಅಂಗಡಿಯವರ ಪರದೆಯಲ್ಲಿ ಆ ಆರ್ಡರ್ ರಾತ್ರಿ `Pending payment` ಎಂಬ ಸ್ಥಿತಿಯಲ್ಲಿತ್ತು. ಸೈಟ್ ನಡೆಯುವುದು ವೂಕಾಮರ್ಸ್ ಎಂಬ ತಂತ್ರಾಂಶದ ಮೇಲೆ. ಸರಕಿನ ಲೆಕ್ಕ ಇಡುವ ವ್ಯವಸ್ಥೆ ಚಾಲೂ ಇದ್ದರೆ, ಹಣ ಬಾರದ ಆರ್ಡರಿಗಾಗಿ ಅದು ಸರಕನ್ನು ಸುಮ್ಮನೆ ಹಿಡಿದಿಟ್ಟುಕೊಳ್ಳುವುದಿಲ್ಲ. ಯಾರೂ ಬದಲಿಸದಿದ್ದರೆ ಅದರ ಗಡುವು 60 ನಿಮಿಷ. ಗಡುವು ದಾಟಿದ ಮೇಲೆ ಆರ್ಡರ್ ತಾನಾಗಿಯೇ `Cancelled` ಆಗುತ್ತದೆ. ಹುಬ್ಬಳ್ಳಿಯ ಆರ್ಡರನ್ನು ರದ್ದು ಮಾಡಿದ್ದು ಯಾವ ಮನುಷ್ಯನೂ ಅಲ್ಲ, ಈ ಗಡಿಯಾರ.

ಹಾಗಾದರೆ ಹಣ ಬಂದ ಸುದ್ದಿ ಅಂಗಡಿಗೆ ಏಕೆ ತಲುಪಲಿಲ್ಲ?

ಇದಕ್ಕೆ ಹಳೆಯ ಚಲನ್ ಪದ್ಧತಿಯನ್ನು ನೆನಪಿಸಿಕೊಂಡರೆ ಸಾಕು. ಕಾಲೇಜಿನ ಫೀಯನ್ನು ಬ್ಯಾಂಕಿನಲ್ಲಿ ಕಟ್ಟಿ, ಸೀಲು ಬಿದ್ದ ಪ್ರತಿಯನ್ನು ವಿದ್ಯಾರ್ಥಿ ಕಾಲೇಜಿನ ಕಚೇರಿಗೆ ಒಯ್ದು ಕೊಡಬೇಕಿತ್ತು. ಚಲನ್ ಜೇಬಿನಲ್ಲಿಟ್ಟುಕೊಂಡು ನೇರ ಊರಿಗೆ ಹೋದರೆ, ಹಣ ಬ್ಯಾಂಕಿನಲ್ಲಿರುತ್ತಿತ್ತು, ಕಚೇರಿಯ ಪುಸ್ತಕದಲ್ಲಿ ಬಾಕಿಯೂ ಇರುತ್ತಿತ್ತು. ಆನ್‌ಲೈನ್ ಅಂಗಡಿಯಲ್ಲಿ ಬ್ಯಾಂಕಿನ ಕೌಂಟರಿನ ಜಾಗದಲ್ಲಿ ಪೇಮೆಂಟ್ ಗೇಟ್‌ವೇ ಕುಳಿತಿದೆ. ಹಣ ಸಂದ ಮೇಲೆ ಅದು ಗ್ರಾಹಕರ ಬ್ರೌಸರಿನ ಕೈಗೆ ಒಂದು ಚೀಟಿ ಕೊಡುತ್ತದೆ. ಬ್ರೌಸರ್ ಆ ಚೀಟಿಯನ್ನು ಅಂಗಡಿಯ ಸರ್ವರಿಗೆ ಮುಟ್ಟಿಸಬೇಕು. ಈ ದಾರಿಗೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಚೀಟಿ ಹೊತ್ತವರ ಫೋನ್ ಲಾಕ್ ಆದರೆ, ನೆಟ್‌ವರ್ಕ್ ಒಂದೇ ಕಡ್ಡಿಗೆ ಇಳಿದರೆ ಚೀಟಿ ಅಲ್ಲೇ ಉಳಿಯಿತು.

ಅದಕ್ಕೇ ಇನ್ನೊಂದು ದಾರಿ ಇದೆ. ಗ್ರಾಹಕರ ಫೋನಿನ ಹಂಗಿಲ್ಲದೆ ಗೇಟ್‌ವೇಯ ಸರ್ವರ್ ಅಂಗಡಿಯ ಸರ್ವರಿಗೆ ನೇರವಾಗಿ ಸುದ್ದಿ ಕಳಿಸುತ್ತದೆ. ಬ್ಯಾಂಕಿನ ಜವಾನನೇ ಕಾಲೇಜಿನ ಕಚೇರಿಗೆ ಬಂದು ಹೇಳಿ ಹೋದಂತೆ. ಇದು ವೆಬ್‌ಹುಕ್. 2007ರಲ್ಲಿ ಜೆಫ್ ಲಿಂಡ್ಸೆ ಎಂಬ ಪ್ರೋಗ್ರಾಮರ್ ಚಲಾವಣೆಗೆ ತಂದ ಹೆಸರು. ಹುಕ್ ಎಂದರೆ ಕೊಕ್ಕೆ. ಈ ಕಥೆಯಲ್ಲಿ ಕಳಚಿಕೊಂಡದ್ದೂ ಅದೇ ಕೊಕ್ಕೆ.

ಅಂಗಡಿಯ ಸೈಟ್ ನೋಡಿಕೊಳ್ಳುವ ಹುಡುಗ ಭಾನುವಾರ ಬೆಳಿಗ್ಗೆ ಮೊದಲು ತೆರೆದದ್ದು ಗೇಟ್‌ವೇಯ ಡ್ಯಾಶ್‌ಬೋರ್ಡನ್ನು. ಅದು ಸರಿಯಾದ ಹೆಜ್ಜೆ. ಗ್ರಾಹಕರ ಸ್ಕ್ರೀನ್‌ಶಾಟ್ ಆಗಲಿ, ಅಂಗಡಿಯ ಆರ್ಡರ್ ಪಟ್ಟಿಯಾಗಲಿ ಇಲ್ಲಿ ಸಾಕ್ಷಿಯಲ್ಲ. ಹಣ ಹಿಡಿದಿರುವವರ ಪುಸ್ತಕವೇ ಸಾಕ್ಷಿ. ಅಲ್ಲಿ ಆ ಪಾವತಿಯ ಮುಂದೆ `captured` ಎಂದಿತ್ತು. ಬರೀ `authorized` ಎಂದಿದ್ದರೆ ಬ್ಯಾಂಕ್ ಒಪ್ಪಿದೆ, ಆದರೆ ಅಂಗಡಿಯ ಪರವಾಗಿ ಹಣ ಇನ್ನೂ ವಶವಾಗಿಲ್ಲ ಎಂದರ್ಥ. ಹಾಗೇ ಬಿಟ್ಟರೆ ಅದು ಗ್ರಾಹಕರಿಗೆ ವಾಪಸಾಗುತ್ತದೆ. ಇಲ್ಲಿ ಹಣ ಅಂಗಡಿಯ ಲೆಕ್ಕಕ್ಕೆ ಬಿದ್ದಾಗಿತ್ತು. ಗ್ರಾಹಕರು ಹೇಳಿದ್ದು ನಿಜ.

ಮುಂದಿನ ಪ್ರಶ್ನೆ: ಧನ್ಯವಾದ ಹೇಳಿದವರು ಯಾರು? ಅಂಗಡಿಯ ಪುಟದ ಕೋಡ್ ತೆರೆದಾಗ ಉತ್ತರ ನಾಲ್ಕು ಸಾಲಿನಲ್ಲಿತ್ತು.

```
handler: function (response) {
  showSuccess();
  fetch('/pay/verify', {method: 'POST', body: JSON.stringify(response)});
}
```

ಸಾಲುಗಳ ಕ್ರಮ ನೋಡಿ. ಗೇಟ್‌ವೇ ಚೀಟಿ ಕೊಟ್ಟ ಕೂಡಲೇ ಬ್ರೌಸರ್ ಮೊದಲು ಧನ್ಯವಾದ ತೋರಿಸುತ್ತದೆ, ಆಮೇಲೆ ಚೀಟಿಯನ್ನು ಸರ್ವರಿಗೆ ಕಳಿಸಲು ಹೊರಡುತ್ತದೆ. ಚೀಟಿ ಮುಟ್ಟಿತೇ, ಸೀಲು ಅಸಲಿಯೇ ಎಂದು ಕಾಯುವುದೂ ಇಲ್ಲ. 'ಪಾವತಿಯಾಗಿದೆ' ಎಂದದ್ದು ಅಂಗಡಿಯಲ್ಲ, ಗ್ರಾಹಕರ ಫೋನೇ ಗ್ರಾಹಕರಿಗೆ ಹೇಳಿಕೊಂಡದ್ದು. ಪರದೆ ಬೇಗ ನಗಲಿ ಎಂದು ಹೀಗೆ ಬರೆಯುತ್ತಾರೆ. ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಹುಬ್ಬಳ್ಳಿಯ ಆಕೆ ಆ ಸಾಲನ್ನು ಓದಿದ ಮರುಕ್ಷಣವೇ ಟ್ಯಾಬ್ ಮುಚ್ಚಿದ್ದರು. ನೆಟ್‌ವರ್ಕ್ ನಿಧಾನವಿದ್ದ ಕಾರಣ ಚೀಟಿ ಫೋನಿನಿಂದ ಹೊರಬಿದ್ದಿರಲಿಲ್ಲ. ಸರ್ವರಿನ ಲಾಗ್‌ನಲ್ಲಿ ಆ ಹೊತ್ತಿಗೆ `/pay/verify` ಎಂಬ ಕರೆಯೇ ಇರಲಿಲ್ಲ.

ಕಾಲ್‌ಬ್ಯಾಕ್ ತಪ್ಪುವುದು ಅಪರೂಪವೇನಲ್ಲ, ತಪ್ಪಿದಾಗ ಹಿಡಿಯಲೆಂದೇ ವೆಬ್‌ಹುಕ್ ಇರುವುದು. ಲಾಗ್‌ನಲ್ಲಿ ವೆಬ್‌ಹುಕ್ ಹುಡುಕಿದರೆ, ಮೂರು ವಾರಗಳ ಹಿಂದಿನ ಕೆಲವು ಸಾಲುಗಳು ಸಿಕ್ಕವು.

```
"POST /pay/webhook HTTP/1.1" 403
```

ಆಮೇಲೆ ಏನೂ ಇಲ್ಲ. 403 ಎಂದರೆ ಬಾಗಿಲಲ್ಲೇ ತಡೆದು ಕಳಿಸಿದ್ದು. ಮೂರು ವಾರಗಳ ಹಿಂದೆ ಸೈಟಿಗೆ ಬಾಟ್‌ಗಳ ಕಾಟ ಹೆಚ್ಚಾಗಿ ಒಂದು ಫೈರ್‌ವಾಲ್ ಹಾಕಿಸಿದ್ದರು. ಅದು ಬಂದವರಿಗೆಲ್ಲ ಒಂದು ಚಿಕ್ಕ ಪರೀಕ್ಷೆ ಒಡ್ಡುತ್ತಿತ್ತು. ಮನುಷ್ಯರ ಬ್ರೌಸರ್ ಅದನ್ನು ಸದ್ದಿಲ್ಲದೆ ದಾಟುತ್ತದೆ. ಗೇಟ್‌ವೇಯಿಂದ ಬರುವುದು ಬ್ರೌಸರ್ ಅಲ್ಲ, ಯಂತ್ರ. ಫೈರ್‌ವಾಲ್ ಅದನ್ನೂ ಬಾಟ್ ಎಂದೇ ಲೆಕ್ಕ ಹಾಕಿತು.

ಗೇಟ್‌ವೇಗಳು ಒಂದೇ ಸಲಕ್ಕೆ ಕೈಬಿಡುವುದಿಲ್ಲ. ಬೆಂಗಳೂರಿನ ರೇಜರ್‌ಪೇಯ ನಿಯಮದಂತೆ, ಅಂಗಡಿಯ ಸರ್ವರ್ 5 ಸೆಕೆಂಡಿನೊಳಗೆ 200ರ ಸಾಲಿನ ಉತ್ತರ ಕೊಡಬೇಕು. ಕೊಡದಿದ್ದರೆ ಅದು ಬಿಡುವು ಹೆಚ್ಚಿಸುತ್ತಾ 24 ಗಂಟೆ ಮತ್ತೆ ಮತ್ತೆ ಕಳಿಸುತ್ತದೆ. ಅಷ್ಟರಲ್ಲೂ ಬಾಗಿಲು ತೆರೆಯದಿದ್ದರೆ ಆ ವೆಬ್‌ಹುಕ್ಕನ್ನೇ ಸ್ಥಗಿತಗೊಳಿಸಿ ಇಮೇಲ್ ಹಾಕುತ್ತದೆ. ಈ ಅಂಗಡಿಗೂ ಅಂಥ ಇಮೇಲ್ ಬಂದಿತ್ತು. ಸೈಟ್ ಮೊದಲು ಮಾಡಿಕೊಟ್ಟು, ಈಗ ಕೆಲಸ ಬಿಟ್ಟಿರುವವರ ವಿಳಾಸಕ್ಕೆ.

ಮೂರು ವಾರ ಯಾರಿಗೂ ಗೊತ್ತಾಗಲಿಲ್ಲ ಏಕೆಂದರೆ ಅಂಗಡಿ ನಡೆಯುತ್ತಲೇ ಇತ್ತು. ಹೆಚ್ಚಿನ ಗ್ರಾಹಕರು ಪುಟವನ್ನು ನಾಲ್ಕು ಸೆಕೆಂಡು ತೆರೆದಿಟ್ಟಿದ್ದರು, ಕಾಲ್‌ಬ್ಯಾಕ್ ಸಲೀಸಾಗಿ ಮುಟ್ಟುತ್ತಿತ್ತು. ಇಬ್ಬರು ಆಳುಗಳಲ್ಲಿ ಒಬ್ಬ ಮಲಗಿದ್ದ, ಇನ್ನೊಬ್ಬ ಅವನ ಪಾಲನ್ನೂ ಹೊತ್ತಿದ್ದ. ಆರ್ಡರುಗಳು ಎಲ್ಲವೂ ನಿಂತರೆ ಅಂದೇ ತಿಳಿಯುತ್ತದೆ. ಆಗೊಂದು ಈಗೊಂದು ನಿಂತರೆ 'ಅವರ ನೆಟ್‌ವರ್ಕ್ ಸರಿ ಇರಲಿಲ್ಲವೇನೋ' ಎಂಬಲ್ಲಿಗೆ ಮುಗಿಯುತ್ತದೆ. ಈ ದೋಷವನ್ನು ಗುರುತಿಸುವ ಒಳ್ಳೆಯ ಲಕ್ಷಣವೇ ಅದು. ಕೆಲವೇ ಆರ್ಡರುಗಳು ಬಾಕಿ ಉಳಿದು, ಅವೆಲ್ಲ ಬೇಗ ಪುಟ ಮುಚ್ಚಿದವರದ್ದೇ ಆಗಿದ್ದರೆ, ವೆಬ್‌ಹುಕ್ ಸತ್ತಿದೆ ಎಂದು ಸಂಶಯಪಡಬೇಕು.

ಹುಡುಗ ಫೈರ್‌ವಾಲಿನಲ್ಲಿ ಆ ಒಂದು ವಿಳಾಸಕ್ಕೆ ಮಾತ್ರ ವಿನಾಯಿತಿ ಕೊಟ್ಟ, ಡ್ಯಾಶ್‌ಬೋರ್ಡಿನಲ್ಲಿ ಹಳೆಯ ವೆಬ್‌ಹುಕ್ ಅಳಿಸಿ ಹೊಸದು ಮಾಡಿದ. ಪರೀಕ್ಷೆಗೆಂದು ತಾನೇ ಒಂದು ಪೊಟ್ಟಣ ಕೊಂಡ. 403 ಹೋಯಿತು, 400 ಬಂತು.

ಇದು ಬೇರೆಯೇ ಕಥೆ. ವಿಳಾಸ ಗೊತ್ತಿದ್ದರೆ ಯಾರು ಬೇಕಾದರೂ 'ಹಣ ಬಂದಿದೆ, ಪುಡಿ ಕಳಿಸಿ' ಎಂದು ಸುಳ್ಳು ಸುದ್ದಿ ಕಳಿಸಬಹುದು. ಅದಕ್ಕೆ ಪ್ರತಿ ವೆಬ್‌ಹುಕ್ ಮೇಲೆ ಸೀಲು ಇರುತ್ತದೆ. ಗೇಟ್‌ವೇಗೂ ಅಂಗಡಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದವನ್ನು ಸುದ್ದಿಯ ಜೊತೆ ಸೇರಿಸಿ ಲೆಕ್ಕ ಕಟ್ಟಿದಾಗ ಬರುವ ಉದ್ದನೆಯ ಅಕ್ಷರಸಾಲು ಅದು. ಅಂಗಡಿಯೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ.

```
$body = file_get_contents('php://input');
$mine = hash_hmac('sha256', $body, $secret);
if (!hash_equals($mine, $_SERVER['HTTP_X_RAZORPAY_SIGNATURE'] ?? '')) {
  http_response_code(400); exit;
}
```

ಹೊಸ ವೆಬ್‌ಹುಕ್ ಮಾಡುವಾಗ ಹುಡುಗ ಹೊಸ ಗುಟ್ಟಿನ ಪದ ಕೊಟ್ಟಿದ್ದ. ಸೈಟಿನಲ್ಲಿ ಹಳೆಯದೇ ಉಳಿದಿತ್ತು. ಅದನ್ನು ಬದಲಿಸಿದ ಮೇಲೆ 200 ಬಂತು. ಪದ ಸರಿಯಿದ್ದೂ ತಾಳೆಯಾಗದಿದ್ದರೆ ನೋಡಬೇಕಾದದ್ದು ಮೊದಲ ಸಾಲನ್ನು. ಬಂದ ಸುದ್ದಿಯನ್ನು ಬಂದ ಹಾಗೆಯೇ ಲೆಕ್ಕಕ್ಕೆ ಕೊಡಬೇಕು. ಅದನ್ನು ಬಿಚ್ಚಿ, ಓದಿ, ಮತ್ತೆ ಮಡಿಸಿ ಕೊಟ್ಟರೆ ಪಿಎಚ್‌ಪಿ ಪ್ರತಿ `/` ಚಿಹ್ನೆಯನ್ನು `\/` ಮಾಡಿಬಿಡುತ್ತದೆ. ಅರ್ಥ ಅದೇ, ಅಕ್ಷರ ಬೇರೆ, ಸೀಲು ಕೂಡುವುದಿಲ್ಲ.

ಇನ್ನು ಉಳಿದದ್ದು ಮೂರು ವಾರಗಳ ಬಾಕಿ. ವೆಬ್‌ಹುಕ್ ದುರಸ್ತಿಯಾದ ಮಾತ್ರಕ್ಕೆ ಕಳೆದುಹೋದ ಸುದ್ದಿಗಳು ತಾವಾಗಿ ಬರುವುದಿಲ್ಲ. ಅಂಗಡಿಯವರು ಗೇಟ್‌ವೇಯಿಂದ ಪಾವತಿ ಪಟ್ಟಿ ಇಳಿಸಿಕೊಂಡು, ರದ್ದಾದ ಆರ್ಡರುಗಳ ಜೊತೆ ಒಂದೊಂದಾಗಿ ಹೊಂದಿಸಿದರು. ಹೊಂದಿಸುವಾಗ ಅವರಿಗೊಂದು ಗಾಬರಿ: ವೆಬ್‌ಹುಕ್ಕಿನ ಸುದ್ದಿಯಲ್ಲಿ ಮೊತ್ತ 118000 ಎಂದಿತ್ತು. ಅದು ಪೈಸೆಯ ಲೆಕ್ಕ.

ಕೊನೆಗೆ ಹುಡುಗ ಕೋಡಿನಲ್ಲಿ ಮೂರು ಬದಲಾವಣೆ ಮಾಡಿದ. ಸರ್ವರ್ 'ಸರಿ' ಎಂದ ಮೇಲಷ್ಟೇ ಪುಟ ಧನ್ಯವಾದ ಹೇಳುತ್ತದೆ. ಅಲ್ಲಿಯವರೆಗೆ 'ಪಾವತಿ ಖಚಿತವಾಗುತ್ತಿದೆ' ಎಂದಷ್ಟೇ. ಹದಿನೈದು ನಿಮಿಷಕ್ಕೊಮ್ಮೆ ಸೈಟ್ ತಾನೇ ಗೇಟ್‌ವೇಯನ್ನು ಕೇಳುತ್ತದೆ, ಬಾಕಿ ಇರುವ ಆರ್ಡರುಗಳಿಗೆ ಹಣ ಬಂದಿದೆಯೇ ಎಂದು. ಹೀಗಾಗಿ ಎರಡೂ ಆಳುಗಳು ಮಲಗಿದರೂ ಒಂದು ಗಂಟೆಯ ಗಡುವಿಗೆ ಮುಂಚೆ ಸತ್ಯ ತಿಳಿಯುತ್ತದೆ. ಮೂರನೆಯದು, ಒಂದೇ ಸುದ್ದಿ ಎರಡು ಸಲ ಬಂದರೆ ಎರಡನೆಯದನ್ನು ಲೆಕ್ಕಿಸದಿರುವುದು. ಕಾಲ್‌ಬ್ಯಾಕ್, ವೆಬ್‌ಹುಕ್, ಈ ವಿಚಾರಣೆ ಮೂರೂ ಒಂದೇ ಪಾವತಿಯನ್ನು ವರದಿ ಮಾಡುತ್ತವಲ್ಲ, ಎಚ್ಚರ ತಪ್ಪಿದರೆ ಹುಬ್ಬಳ್ಳಿಗೆ ಎರಡರ ಬದಲು ಆರು ಕೆಜಿ ಪುಡಿ ಹೊರಟೀತು.

ಗ್ರಾಹಕರಿಗೊಂದು ಮಾತು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ದೃಢೀಕರಣ ಮುಟ್ಟದಿದ್ದರೆ, ವ್ಯವಹಾರದ ದಿನದಿಂದ 5 ದಿನದೊಳಗೆ ಹಣ ತಾನಾಗಿ ಮರಳಬೇಕು. ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ. ಆದರೆ ಮೇಲಿನ ಪ್ರಸಂಗದಲ್ಲಿ ಬ್ಯಾಂಕಿನ ಮತ್ತು ಗೇಟ್‌ವೇಯ ಮಟ್ಟಿಗೆ ವ್ಯವಹಾರ ಸುಸೂತ್ರವಾಗಿ ಮುಗಿದಿದೆ, ಹಣ ಅಂಗಡಿಯ ಲೆಕ್ಕದಲ್ಲಿದೆ. ಅದು ತಾನಾಗಿ ಮರಳುವುದಿಲ್ಲ, ಅಂಗಡಿಯವರೇ ಮರಳಿಸಬೇಕು ಇಲ್ಲವೇ ಸರಕು ಕಳಿಸಬೇಕು. ಹಾಗಾಗಿ ಆರ್ಡರ್ ಬಾಕಿ ಎಂದು ಕಂಡಾಗ ಇನ್ನೊಮ್ಮೆ ಹಣ ಕಟ್ಟಬೇಡಿ. ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದು, ಅದರಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಆರ್ಡರ್ ಸಂಖ್ಯೆಯ ಜೊತೆ ಅಂಗಡಿಗೆ ಕಳಿಸಿ. ಹಸಿರು ಟಿಕ್ಕಿನ ಸ್ಕ್ರೀನ್‌ಶಾಟ್‌ಗಿಂತ ಆ ಹನ್ನೆರಡು ಅಂಕಿಯಿಂದ ಹುಡುಕುವುದು ಅವರಿಗೆ ಸುಲಭ.