ಎಂಟು ಜನರ ಬಿಸಿಬೇಳೆಬಾತ್ ಹದಿನಾಲ್ಕು ಜನಕ್ಕೆ

ನಿಮ್ಮ ಬಳಿ ಇರುವುದು ಎಂಟು ಜನಕ್ಕೆ ಸಾಲುವ ಬಿಸಿಬೇಳೆಬಾತಿನ ಅಳತೆ: ಅಕ್ಕಿ 400 ಗ್ರಾಂ, ತೊಗರಿಬೇಳೆ 300, ತರಕಾರಿ 600, ಹುಣಸೆಹಣ್ಣು 40, ಪುಡಿ 60, ಉಪ್ಪು 32 ಗ್ರಾಂ, ನೀರು 3 ಲೀಟರ್. ಊಟಕ್ಕೆ ಕೂರುವವರು ಹದಿನಾಲ್ಕು ಜನ. ಶೇಕಡಾ ಎಷ್ಟು ಹೆಚ್ಚಿಸಬೇಕು?

ಹೆಚ್ಚುವರಿ ಆರು ಜನರನ್ನು ಮೂಲದ ಎಂಟರಿಂದ ಭಾಗಿಸಬೇಕು, ಶೇ. 75 ಬರುತ್ತದೆ. ಅನೇಕರು ಆರನ್ನು ಹದಿನಾಲ್ಕರಿಂದ ಭಾಗಿಸಿ ಶೇ. 43 ಎನ್ನುತ್ತಾರೆ. ಆ ಲೆಕ್ಕದಲ್ಲಿ ಅಡುಗೆ ಹನ್ನೊಂದು ಜನಕ್ಕೇ ಮುಗಿದುಹೋಗುತ್ತದೆ.

ಶೇ. 75 ಎಂದರೆ ಅರ್ಧ ಮತ್ತು ಕಾಲು. ಹಾಗಾಗಿ ಕ್ಯಾಲ್ಕುಲೇಟರ್ ಬೇಡ. ಅಕ್ಕಿ 400ಕ್ಕೆ ಅದರ ಅರ್ಧ 200, ಕಾಲು 100 ಸೇರಿಸಿದರೆ 700 ಗ್ರಾಂ. ಬೇಳೆ 300ಕ್ಕೆ 150 ಮತ್ತು 75 ಸೇರಿ 525. ತರಕಾರಿ 1050 ಗ್ರಾಂ ಆಗುತ್ತದೆ. ತಟ್ಟೆಗೆ ಬಡಿಸುವ ಈ ಮೂರರಲ್ಲಿ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಹುದು.

ನೀರಿನ ವಿಷಯ ಹಾಗಲ್ಲ. ಲೆಕ್ಕದಂತೆ 5.25 ಲೀಟರ್ ಬೇಕು. ಆದರೆ ಹಾಕಿದ ನೀರೆಲ್ಲ ಅನ್ನದೊಳಗೆ ಹೋಗುವುದಿಲ್ಲ, ಒಂದು ಪಾಲು ಆವಿಯಾಗುತ್ತದೆ. ಎಷ್ಟು ಆವಿಯಾಗುತ್ತದೆ ಎಂಬುದು ಪಾತ್ರೆಯ ಬಾಯಿಯ ಅಗಲ ಮತ್ತು ಕುದಿಯುವ ಹೊತ್ತಿಗೆ ಸೇರಿದ್ದು, ಜನರ ಸಂಖ್ಯೆಗಲ್ಲ. ಆಳವಾದ ಪಾತ್ರೆಯಲ್ಲಿ ಲೆಕ್ಕದಷ್ಟೂ ಸುರಿದರೆ ಬಾತ್ ನೀರಾಗುತ್ತದೆ. ನಾಲ್ಕೂವರೆ ಲೀಟರಿನಿಂದ ಶುರುಮಾಡಿ. ಸೌಟಿನಿಂದ ಎತ್ತಿ ಬಿಟ್ಟಾಗ ಮುದ್ದೆಯಾಗಿ ಬೀಳುವಂತಿದ್ದರೆ ಬಿಸಿನೀರು ಬೆರೆಸುತ್ತಾ ಹೋಗಿ. ಆರಿದ ಮೇಲೆ ಅದು ಇನ್ನೂ ಗಟ್ಟಿಯಾಗುತ್ತದೆ, ಆದ್ದರಿಂದ ಒಲೆಯ ಮೇಲಿದ್ದಾಗ ಸ್ವಲ್ಪ ತೆಳುವಾಗಿದ್ದರೇ ಒಳ್ಳೆಯದು.

ಉಪ್ಪು 56 ಗ್ರಾಂ, ಹುಣಸೆ 70, ಪುಡಿ 105 ಎಂದು ಬರುತ್ತದೆ. ನೀರು ಕಡಿಮೆ ಮಾಡಿರುವುದರಿಂದ ಇವನ್ನು ಒಮ್ಮೆಗೇ ಹಾಕಿದರೆ ರುಚಿ ಖಾರಾಂಶವಾಗಿ, ಉಪ್ಪಾಗಿ ನಿಲ್ಲಬಹುದು. ಹತ್ತರಲ್ಲಿ ಒಂದೂವರೆ ಪಾಲು ಎತ್ತಿಟ್ಟುಕೊಂಡು, ನೀರಿನ ಹದ ಗೊತ್ತಾದ ಮೇಲೆ ರುಚಿ ನೋಡಿ ಸೇರಿಸಿ. ಹುಣಸೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆಯಾದ್ದರಿಂದ ಅಲ್ಲಿ ನಾಲಿಗೆಯದೇ ಕೊನೆಯ ಮಾತು. ಒಗ್ಗರಣೆಯ ಎಣ್ಣೆಗೂ ಮುಕ್ಕಾಲು ಪಾಲು ಹೆಚ್ಚು ಬೇಕಿಲ್ಲ; ಸಾಸಿವೆ, ಕರಿಬೇವು, ಗೋಡಂಬಿ ಹುರಿಯುವಷ್ಟಿದ್ದರೆ ಸಾಕು.

ಹೊತ್ತನ್ನಂತೂ ಶೇಕಡಾವಾರು ಹೆಚ್ಚಿಸಲೇಬಾರದು. ಕುಕ್ಕರ್ ತುಂಬಿದ್ದಷ್ಟೂ ಮೊದಲ ಕೂಗು ತಡವಾಗುತ್ತದೆ. ಒತ್ತಡ ಬಂದ ಮೇಲೆ ಒಂದೊಂದು ಕಾಳು ಬೇಯಲು ಬೇಕಾದ ಹೊತ್ತು ಹಿಂದಿನಷ್ಟೇ. ನಾಲ್ಕು ಕೂಗು ಏಳಾದರೆ ತರಕಾರಿ ಕರಗಿಹೋಗುತ್ತದೆ. ಇನ್ನು ಅಕ್ಕಿ, ಬೇಳೆ ಉಬ್ಬಿ ನೊರೆ ಬರುವುದರಿಂದ ಕುಕ್ಕರಿನ ಅರ್ಧಕ್ಕಿಂತ ಮೇಲೆ ತುಂಬಬಾರದು. ಐದು ಲೀಟರ್ ಕುಕ್ಕರಿನಲ್ಲಿ ಈ ಅಳತೆ ಒಂದೇ ಸಲಕ್ಕೆ ಹಿಡಿಯದು. ಅಕ್ಕಿ, ಬೇಳೆಗಳನ್ನು ಬೇರೆಬೇರೆಯಾಗಿ ಬೇಯಿಸಿಕೊಂಡು, ಉಳಿದ ನೀರಿನ ಜೊತೆ ದೊಡ್ಡ ಪಾತ್ರೆಯಲ್ಲಿ ಕೂಡಿಸಿ ಕುದಿಸುವುದೇ ಸರಿಯಾದ ದಾರಿ.